ಸ್ಕೋಪ್ ಬೆಳೆಯಿತು, ತಾರೀಖು ಅಲ್ಲೇ ಉಳಿಯಿತು

"ಸ್ಕೋಪ್ ಜಾಸ್ತಿ ಮಾಡ್ತಿದ್ದೀವಿ" ಅಂತ ಹೇಳಿ ಜಾಸ್ತಿ ಮಾಡುವ ಕ್ಲೈಂಟನ್ನು ನಾನಂತೂ ನೋಡಿಲ್ಲ. ಕಾಲ್ ಮುಗಿಯುವ ಹೊತ್ತಿಗೆ "ಇದೊಂದು ಚಿಕ್ಕದು, ಸೇರಿಸಿಬಿಡಿ" ಅನ್ನುತ್ತಾರೆ, ಅಷ್ಟೇ. ನಮ್ಮ ಆರ್ಡರ್ ಪ್ರಾಜೆಕ್ಟಿಗೆ ಹೀಗೆ ಮೂರು ಸೇರಿಕೊಂಡವು: ಎಕ್ಸೆಲ್ ಅಪ್‌ಲೋಡ್, ಎಸ್ಸೆಮ್ಮೆಸ್, ಎರಡನೇ ಹಂತದ ಅಪ್ರೂವಲ್. ಸೈನ್‌ಆಫ್ ಆಗಿದ್ದು ನಾಲ್ಕು ಸ್ಕ್ರೀನ್‌ಗೆ ಮಾತ್ರ. ಡೆಲಿವರಿ ಜೂನ್ 28, ಶುಕ್ರವಾರ. ಬದಲಾವಣೆ ಬೇಕು ಅಂತ ಕ್ಲೈಂಟ್ ಬರೆದುಕೊಡುವ ಸಿಆರ್ ಮಾತ್ರ ಒಂದಕ್ಕೂ ಇಲ್ಲ.

ಮ್ಯಾನೇಜರಿಗೆ ಕಳಿಸಬೇಕಿದ್ದ ಮೇಲ್‌ಗೆ ತಂಡದ ಹುಡುಗನೊಬ್ಬ ಕರಡು ಬರೆದುಕೊಟ್ಟ. "ಕ್ಷಮಿಸಿ ಮೇಡಂ, ಕೆಲವು ಕಾರಣಗಳಿಂದ ಎರಡು ಮೂರು ವಾರ ತಡವಾಗಬಹುದು." ತುಂಬಾ ವಿನಯ. ಆದರೆ ಇದನ್ನು ಇಟ್ಟುಕೊಂಡು ಮೇಡಂ ಏನು ಮಾಡಬೇಕು? ಅವರೂ ಮೇಲಿನವರಿಗೆ ಉತ್ತರ ಕೊಡಬೇಕಲ್ವಾ? ಜೊತೆಗೆ, ಕ್ಷಮೆ ಕೇಳಿದ ತಕ್ಷಣ ತಂಡವೇ ಕೆಲಸ ಎಳೆದಾಡಿದೆ ಅಂತ ಆಗುತ್ತದೆ. ನಾಲ್ಕೂ ಸ್ಕ್ರೀನ್ ಹೇಳಿದ ದಿನಕ್ಕೇ ತಯಾರಾಗುತ್ತಿದ್ದವು.

ಹಾಗಾಗಿ ಮೊದಲು ಲೆಕ್ಕ ಹಾಕಿದೆವು. ಎಕ್ಸೆಲ್ ಅಪ್‌ಲೋಡಿಗೆ 6 ದಿನ. ಫೈಲ್ ಓದುವುದು ಸುಲಭ, ತಪ್ಪಿರುವ ಸಾಲುಗಳನ್ನು ಬಳಕೆದಾರರಿಗೆ ತೋರಿಸುವುದಕ್ಕೇ ಹೊತ್ತು ಹಿಡಿಯುತ್ತದೆ. ಎಸ್ಸೆಮ್ಮೆಸ್‌ಗೆ 2. ಅಪ್ರೂವಲ್‌ಗೆ 8. ಒಟ್ಟು 16, ಒಬ್ಬರು ಅಪ್ರೂವಲ್, ಇನ್ನೊಬ್ಬರು ಉಳಿದೆರಡು ಅಂತ ಹಂಚಿಕೊಂಡರೆ 8 ಕೆಲಸದ ದಿನ. ಇಲ್ಲಿಗೇ ನಿಲ್ಲಿಸಿದ್ದರೆ ಲೆಕ್ಕ ಕೆಡುತ್ತಿತ್ತು. ಅಪ್ರೂವಲ್ ಬಂದರೆ ಆರ್ಡರಿನ ಸ್ಟೇಟಸ್‌ಗಳೇ ಬದಲಾಗುತ್ತವೆ, ಟೆಸ್ಟ್ ಮುಗಿಸಿದ್ದ ನಾಲ್ಕೂ ಸ್ಕ್ರೀನನ್ನು ಮತ್ತೆ ಟೆಸ್ಟ್ ಮಾಡಬೇಕು. ರಿಗ್ರೆಷನ್‌ಗೆ ಇನ್ನೂ 4 ದಿನ. ಅಲ್ಲಿಗೆ 12 ದಿನ, ಅಂದರೆ ಜುಲೈ 16.

ಕೊನೆಗೆ ಹೋದ ಮೇಲ್ ಇಂಗ್ಲಿಷಿನಲ್ಲಿತ್ತು. ತಿರುಳು ಹೀಗಿತ್ತು:

"ಮೇಡಂ, ಸೈನ್‌ಆಫ್ ಆದ ನಾಲ್ಕು ಸ್ಕ್ರೀನ್ ಜೂನ್ 28ಕ್ಕೆ ಸಿದ್ಧವಾಗುತ್ತವೆ. ಆಮೇಲೆ ಸೇರಿದ ಮೂರು ಕೆಲಸ, ಅವು ಯಾವ ಕಾಲ್‌ನಲ್ಲಿ ಬಂದವು, ಒಂದೊಂದಕ್ಕೆ ಎಷ್ಟು ದಿನ ಅನ್ನುವುದು ಕೆಳಗಿನ ಪಟ್ಟಿಯಲ್ಲಿದೆ. ನಮಗೆ ಮೂರು ದಾರಿ ಕಾಣುತ್ತಿವೆ. ಒಂದು, ಎಲ್ಲವನ್ನೂ ಒಟ್ಟಿಗೆ ಜುಲೈ 16ಕ್ಕೆ ಕೊಡುವುದು. ಎರಡು, ನಾಲ್ಕು ಸ್ಕ್ರೀನ್ ಜೂನ್ 28ಕ್ಕೆ, ಉಳಿದದ್ದು ಜುಲೈ 18ಕ್ಕೆ. ಎರಡು ಸಲ ರಿಲೀಸ್ ಮಾಡುವುದರಿಂದ 2 ದಿನ ಜಾಸ್ತಿ. ಮೂರು, ಅಪ್ರೂವಲ್ ಸದ್ಯಕ್ಕೆ ಬಿಟ್ಟು ಮಿಕ್ಕಿದ್ದೆಲ್ಲ ಜುಲೈ 8ಕ್ಕೆ. ನಮ್ಮ ಸಲಹೆ ಎರಡನೆಯದು. ಬುಧವಾರದೊಳಗೆ ತಿಳಿಸಿದರೆ ಈ ತಾರೀಖುಗಳು ನಿಲ್ಲುತ್ತವೆ. ಆಮೇಲೆ ಒಂದೊಂದು ದಿನ ತಡವಾದಷ್ಟೂ ಇವೂ ಒಂದೊಂದು ದಿನ ಮುಂದೆ ಹೋಗುತ್ತವೆ."

ಕೊನೆಯ ವಾಕ್ಯ ಬೇಕಾ ಬೇಡ್ವಾ ಅಂತ ನಮ್ಮಲ್ಲೇ ಜಗಳ. ಧಮಕಿ ಹಾಕಿದಂತೆ ಕೇಳುತ್ತದೆ ಅಂದರು ಕೆಲವರು. ನಾನು ತೆಗೆಯಲಿಲ್ಲ. ಆ ಗಡುವು ಇಲ್ಲದ ಮೇಲ್ ಇನ್‌ಬಾಕ್ಸಿನಲ್ಲಿ ಒಂದು ವಾರ ಸುಮ್ನೆ ಬಿದ್ದಿರುತ್ತದೆ, ಆಮೇಲೆ ಜುಲೈ 16 ಕೂಡ ಸುಳ್ಳಾಗುತ್ತದೆ.

ಸೆಂಡ್ ಒತ್ತಿದ ಸ್ವಲ್ಪ ಹೊತ್ತಿಗೆ ಮೇಡಂ ಫೋನ್ ಬಂತು. "ಇನ್ನಿಬ್ಬರನ್ನ ಕೊಟ್ಟರೆ ಜೂನ್ 28ಕ್ಕೆ ಎಲ್ಲಾ ಆಗುತ್ತಾ?" ಈ ಪ್ರಶ್ನೆ ಬಂದೇ ಬರುತ್ತದೆ. ಸಂಕೋಚಕ್ಕೆ "ನೋಡೋಣ ಮೇಡಂ" ಅಂದರೆ ಕೆಟ್ಟೆವು, ಅದನ್ನು ಅವರು ಹೂಂ ಅಂತಲೇ ಬರೆದುಕೊಳ್ಳುತ್ತಾರೆ. ಹೊಸಬರಿಗೆ ಕೋಡ್ ತೋರಿಸಬೇಕಾದವರು ಈಗ ಬರೆಯುತ್ತಿರುವ ಇಬ್ಬರೇ, ಆ ದಿನಗಳು ಅವರ ಲೆಕ್ಕದಿಂದಲೇ ಹೋಗುತ್ತವೆ ಅಂದೆ. ಸ್ಟೇಟಸ್ ಬದಲಾವಣೆಯನ್ನು ನಾಲ್ಕು ಜನ ಒಟ್ಟಿಗೆ ಮುಟ್ಟಿದರೆ ಒಬ್ಬರ ಕೆಲಸ ಇನ್ನೊಬ್ಬರು ಕೆಡಿಸುತ್ತಾರೆ ಅಂತಲೂ ಹೇಳಿದೆ. ಒಬ್ಬ ಟೆಸ್ಟರ್ ಕೊಟ್ಟರೆ ರಿಗ್ರೆಷನ್ ಸ್ವಲ್ಪ ಬೇಗ ಮುಗಿಯಬಹುದು, ಅದಷ್ಟೇ ಆಗುವ ಸಹಾಯ. ಫೋನಿನ ಆ ಕಡೆ ಒಂದಷ್ಟು ಹೊತ್ತು ಮಾತೇ ಇಲ್ಲ. ಆಮೇಲೆ, "ಯಾವ ಕಾಲ್‌ನಲ್ಲಿ ಕೇಳಿದ್ರು ಅನ್ನೋದಕ್ಕೆ ಮಿನಿಟ್ಸ್ ಇದೆಯಾ?"

ಎರಡಕ್ಕೆ ಇತ್ತು. ಎಸ್ಸೆಮ್ಮೆಸ್ ವಿಷಯ ಬರೀ ಬಾಯಿಮಾತು. ನಮ್ಮ ಟ್ರ್ಯಾಕರ್ ಬಗ್ಗೆ ಹೇಳುವುದೇ ಬೇಡ. ತಾರೀಖು ಬದಲಿಸಿದರೆ ಪಟ್ಟಿಯಲ್ಲಿ ಹಳೆಯದು ಕಾಣುವುದೇ ಇಲ್ಲ, ಮೊದಲು ಏನು ಒಪ್ಪಿದ್ದೆವು ಅಂತ ತೋರಿಸಲು ಸೈನ್‌ಆಫ್ ಪಿಡಿಎಫ್ ಅನ್ನೇ ಲಗತ್ತಿಸಬೇಕಾಯಿತು.

ಮೇಡಂ ನಮ್ಮ ಸಲಹೆಯ ಸಾಲು ಮಾತ್ರ ತೆಗೆದು ಮೇಲನ್ನು ಹಾಗೇ ಕ್ಲೈಂಟಿಗೆ ಕಳಿಸಿದರು. ಕ್ಲೈಂಟ್ ಆರಿಸಿದ್ದು ಮೂರನೆಯದನ್ನು. ಅಷ್ಟು ಅವಸರದಲ್ಲಿ ಕೇಳಿದ್ದ ಅಪ್ರೂವಲ್, ತಾರೀಖು ಎದುರಿಗಿಟ್ಟ ಮೇಲೆ ಅಷ್ಟೇನೂ ಅವಸರದ್ದಾಗಿರಲಿಲ್ಲ. ಅದಕ್ಕೆ ಆಮೇಲೆ ಬೇರೆ ಸಿಆರ್ ಬಂತು, ಈ ಸಲ ಸಹಿ ಸಮೇತ.