ಉಪಕರಣ ತೊಳೆಯುವ ಹಾಳೆ: ಫೋರ್ಸೆಪ್ಸ್ ಭಾಗ ಮುಗಿಯಿತು

ದಂತ ಕ್ಲಿನಿಕ್‌ಗೆ ಹೊಸದಾಗಿ ಸೇರುವ ಅಸಿಸ್ಟೆಂಟ್‌ಗಳಿಗಾಗಿ ಸಿದ್ಧಪಡಿಸುತ್ತಿರುವ ಹಾಳೆಯಲ್ಲಿ ಹಲ್ಲು ಕೀಳುವ ಫೋರ್ಸೆಪ್ಸ್‌ನ ಭಾಗ ಈಗ ಪೂರ್ತಿಯಾಗಿದೆ. ಮೊದಲು ಅದನ್ನೇ ಎತ್ತಿಕೊಳ್ಳಲು ಕಾರಣ ಅದರ ಕೀಲು. ಅಲ್ಲಿಗೆ ಇಳಿದ ರಕ್ತ ಹೊರಗೆ ಕಾಣುವುದಿಲ್ಲ. ಆ ಪದರ ಹಾಗೇ ಉಳಿದರೆ ರೋಗಾಣುಗಳನ್ನು ಬಿಸಿ ಹಬೆಯಿಂದ ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ನ ಹಬೆ ಲೋಹವನ್ನು ಮುಟ್ಟುವುದಿಲ್ಲ.

ಆದ್ದರಿಂದ ಮೊದಲ ಹೆಜ್ಜೆ, ರಕ್ತ ಒಣಗಲು ಬಿಡಬಾರದು. ಕೂಡಲೇ ತೊಳೆಯಲು ಆಗದಿದ್ದರೆ ಫೋರ್ಸೆಪ್ಸ್‌ನ ಬಾಯಿ ತೆರೆದು ಎಂಜೈಮ್ ದ್ರಾವಣದಲ್ಲಿ ಮುಳುಗಿಸಿಡಿ. ಬಾಟಲಿಯ ಮೇಲೆ ಲೀಟರಿಗೆ 5 ಮಿ.ಲೀ. ಎಂದಿದ್ದರೆ 3 ಲೀಟರ್ ನೀರಿಗೆ 15 ಮಿ.ಲೀ., ಅಳೆದೇ ಹಾಕಿ. ಕುದಿಯುವಷ್ಟು ಬಿಸಿ ನೀರು ಬೇಡವೇ ಬೇಡ, ರಕ್ತದ ಪ್ರೋಟೀನ್ ಗಟ್ಟಿಯಾಗಿ ಲೋಹಕ್ಕೆ ಕಚ್ಚಿಕೊಳ್ಳುತ್ತದೆ.

ತೊಳೆಯುವಾಗ ಪರೀಕ್ಷೆಗೆ ಹಾಕುವ ತೆಳು ಗ್ಲೌಸ್ ಸಾಲದು. ದಪ್ಪ ರಬ್ಬರ್ ಗ್ಲೌಸ್, ಮಾಸ್ಕ್, ಕನ್ನಡಕ, ಏಪ್ರನ್ ಇರಲಿ. ಅಲ್ಟ್ರಾಸೋನಿಕ್ ಕ್ಲೀನರ್ ಇದ್ದರೆ ಫೋರ್ಸೆಪ್ಸ್ ಅನ್ನು ತೆರೆದೇ ಬುಟ್ಟಿಯಲ್ಲಿಡಿ, ಮುಚ್ಚಳ ಹಾಕಿ ಓಡಿಸಿ. ಬ್ರಷ್‌ನಿಂದ ಉಜ್ಜುವುದಾದರೆ ನೀರಿನೊಳಗೇ ಉಜ್ಜಿ, ಹನಿ ಮುಖಕ್ಕೆ ಸಿಡಿಯುವುದಿಲ್ಲ. ಆಮೇಲೆ ಚೆನ್ನಾಗಿ ಜಾಲಿಸಿ, ಬೆಳಕಿಗೆ ಹಿಡಿದು ಕೀಲನ್ನು ನಾಲ್ಕೈದು ಸಲ ತೆರೆದು ಮುಚ್ಚಿ. ಬಿಳಿ ಗಾಜ್ ಬಟ್ಟೆಯನ್ನು ಕೀಲಿಗೆ ಒತ್ತಿದಾಗ ಕಂದು ಕಲೆ ಬಂದರೆ ಮತ್ತೆ ಮೊದಲಿನಿಂದ.

ಒದ್ದೆಯಿದ್ದಾಗ, ಆಟೋಕ್ಲೇವ್‌ಗೆ ಇಡುವ ಕಾಗದದ ಚೀಲವಾದ ಪೌಚ್‌ಗೆ ಹಾಕುವಂತಿಲ್ಲ. ಪೂರ್ತಿ ಒರೆಸಿ ಒಣಗಿಸಿ, ಬಾಯಿ ತುಸು ತೆರೆದಂತೆಯೇ ಪೌಚ್‌ನಲ್ಲಿಟ್ಟು ಸೀಲ್ ಮಾಡಿ, ದಿನಾಂಕ ಬರೆಯಿರಿ. ಆಟೋಕ್ಲೇವ್‌ನಲ್ಲಿ ಪೌಚ್‌ಗಳನ್ನು ಒಂದರ ಮೇಲೊಂದು ಪೇರಿಸದೆ, ಅಂಚಿನ ಮೇಲೆ ನಿಲ್ಲಿಸಿ, ನಡುವೆ ಜಾಗ ಬಿಡಿ. ಪಂಪ್ ಇಲ್ಲದೆ ಹಬೆಯೇ ಗಾಳಿಯನ್ನು ಹೊರದಬ್ಬುವ ಸಾಮಾನ್ಯ ಗ್ರಾವಿಟಿ ಯಂತ್ರದಲ್ಲಿ ಪೌಚ್ ಮಾಡಿದ ಉಪಕರಣಗಳಿಗೆ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬೇಕು. ಎಣಿಕೆ ಶುರುವಾಗುವುದು ಆ ಬಿಸಿ ಮುಟ್ಟಿದ ಮೇಲೆ, ಸ್ವಿಚ್ ಹಾಕಿದಾಗಿನಿಂದಲ್ಲ. ನಿಮ್ಮ ಯಂತ್ರದ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

ಹೆಚ್ಚಾಗಿ ಎಡವುವುದು ಕೊನೆಯಲ್ಲಿ. ಒಣಗಿಸುವ ಹಂತ ಮುಗಿಯುವ ಮುಂಚೆ ಬಾಗಿಲು ತೆರೆದರೆ ಪೌಚ್ ಒದ್ದೆಯಾಗಿ ಹೊರಬರುತ್ತದೆ, ಒದ್ದೆ ಕಾಗದ ಕೈಯಲ್ಲಿರುವ ರೋಗಾಣುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಂಥದ್ದನ್ನು ಒಣಗಲು ಬಿಟ್ಟು ಬಳಸುವಂತಿಲ್ಲ, ಹೊಸ ಪೌಚ್ ಹಾಕಿ ಇನ್ನೊಮ್ಮೆ ಓಡಿಸಬೇಕು. ಪೌಚ್ ಮೇಲಿನ ಪಟ್ಟಿಯ ಬಣ್ಣ ಬದಲಾದರೆ ಅದು ಯಂತ್ರದೊಳಗೆ ಹೋಗಿ ಬಂದಿದೆ ಎಂದಷ್ಟೇ ಅರ್ಥ. ಒಳಗಿನ ರೋಗಾಣುಗಳು ಸತ್ತಿವೆಯೇ ಎಂಬುದನ್ನು ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಬೀಜಕಗಳನ್ನು ಯಂತ್ರದೊಳಗಿಟ್ಟು ವಾರಕ್ಕೊಮ್ಮೆ ಮಾಡುವ ಸ್ಪೋರ್ ಪರೀಕ್ಷೆಯೇ ತೋರಿಸಬೇಕು.

ಹಲ್ಲು ಕೊರೆಯುವ ಹ್ಯಾಂಡ್‌ಪೀಸ್‌ನ ಭಾಗ ಇನ್ನೂ ಬಾಕಿಯಿದೆ. ಅಲ್ಲಿಯವರೆಗೆ ಈ ಹಾಳೆ ನೋಡಿ ಅದನ್ನು ತೊಳೆಯಬೇಡಿ. ದ್ರಾವಣದಲ್ಲಾಗಲಿ ಅಲ್ಟ್ರಾಸೋನಿಕ್‌ನಲ್ಲಾಗಲಿ ಮುಳುಗಿಸಿದರೆ ಒಳಗಿನ ಬೇರಿಂಗ್ ಹಾಳಾಗುತ್ತದೆ.