ಟಚ್‌ಅಪ್ ಟೇಬಲ್ ಖರ್ಚು ಯಾವ ಖಾನೆಗೆ? ಕ್ವಾಲಿಟಿ ಖರ್ಚಿನ ಶೀಟ್, ನಾಲ್ಕನೇ ಅಪ್‌ಡೇಟ್

ಆರು ವಾರದಿಂದ ಕಾಡ್ತಿದ್ದ ಗಂಟು ನಿನ್ನೆ ರಾತ್ರಿ ಬಿಚ್ಚಿಕೊಳ್ತು, ಅದಕ್ಕೆ ಈ ಅಪ್‌ಡೇಟ್. ಹೊಸಬರಿಗೆ ಒಂದೇ ಮಾತು: ನಮ್ದು ಸಣ್ಣ ಅಸೆಂಬ್ಲಿ ಯೂನಿಟ್, ಒಂದು ಎಸ್‌ಎಂಟಿ ಲೈನು, ಕರಗಿದ ಸೋಲ್ಡರ್ ಅಲೆ ಮೇಲೆ ಬೋರ್ಡ್ ಹಾಯಿಸೋ ಒಂದು ವೇವ್ ಮಷೀನು, ಕೊನೇಲಿ ಟೆಸ್ಟ್ ಜಿಗ್. ಭಾನುವಾರಗಳಲ್ಲಿ ಕೂತು ಒಂದು ಶೀಟ್ ಕಟ್ತಾ ಇದೀನಿ, ಗುಣಮಟ್ಟಕ್ಕೆ ಅಂತ ಹೋಗೋ ದುಡ್ಡನ್ನ ಮೂರು ಖಾನೆಗೆ ಹಾಕೋದು, ತಪ್ಪು ಆಗದ ಹಾಗೆ ಮಾಡಿದ ಖರ್ಚು ಪ್ರಿವೆನ್ಷನ್, ತಪ್ಪು ಇದೆಯಾ ಅಂತ ಹುಡುಕೋಕೆ ಮಾಡಿದ್ದು ಅಪ್ರೈಸಲ್, ತಪ್ಪಾದ ಮೇಲೆ ತೆತ್ತಿದ್ದು ಫೇಲ್ಯೂರ್. ಫೈಗನ್‌ಬಾಮ್ 1956ರಲ್ಲೇ ಈ ಮೂರು ಭಾಗ ಮಾಡಿಟ್ಟಿದ್ದಾರೆ. ನಾವು ಫೇಲ್ಯೂರ್‌ನ ಎರಡು ಮಾಡ್ಕೊಂಡಿದೀವಿ, ಫ್ಯಾಕ್ಟರಿ ಒಳಗೆ ಸಿಕ್ಕಿದ್ದು ಮತ್ತೆ ಕಸ್ಟಮರ್ ಹತ್ರ ಹೋಗಿ ಕೆಟ್ಟಿದ್ದು.

ಬೋರ್ಡು ಅದೇ, ಹಿಂದಿನ ಅಪ್‌ಡೇಟ್‌ಗಳಲ್ಲಿ ಹೇಳಿದ ಕೃಷಿ ಪಂಪ್‌ಸೆಟ್ ಕಂಟ್ರೋಲರ್. ತಿಂಗಳಿಗೆ 4000. ಮೊದಲನೇ ಸಲ ಶೀಟ್ ತುಂಬಿದಾಗ ಪ್ರಿವೆನ್ಷನ್ 14,000, ಅಪ್ರೈಸಲ್ 82,000, ಒಳಗಿನ ಫೇಲ್ಯೂರ್ 19,000, ಹೊರಗಿನದು 12,600 ರೂಪಾಯಿ ಬಂತು. ನಮ್ಮ ಓನರ್ ನೋಡಿ "ಅಲ್ಲಪ್ಪಾ, ನಮ್ಮ ಫೇಲ್ಯೂರ್ ಇಷ್ಟು ಕಮ್ಮಿ ಇದ್ರೆ ಟೆಸ್ಟಿಂಗ್ ಜನನೇ ಜಾಸ್ತಿ ಆಯ್ತಲ್ಲ, ಒಬ್ರನ್ನ ಕಮ್ಮಿ ಮಾಡೋಣ್ವಾ" ಅಂದ್ರು. ನನಗೆ ಎದೆ ಧಸಕ್ ಅಂತು. ಯಾಕಂದ್ರೆ ವೇವ್ ಮಷೀನ್ ಪಕ್ಕದಲ್ಲಿ ದಿನಾ ಮೂರು ಜನ ಐರನ್ ಹಿಡ್ಕೊಂಡು ಸೋಲ್ಡರ್ ಸರಿಮಾಡ್ತಾ ಟಚ್‌ಅಪ್ ಟೇಬಲಲ್ಲಿ ಕೂತಿರೋದು ನನ್ನ ಕಣ್ಣಿಗೆ ಕಾಣ್ತಾ ಇದೆ, ಶೀಟಲ್ಲಿ ಮಾತ್ರ ಎಲ್ಲೂ ಇಲ್ಲ. 19,000 ಎಲ್ಲಿಂದ ಬಂತು ಅಂದ್ರೆ ಸ್ಟೋರ್‌ನವರು ಬರೆಯೋ ಸ್ಕ್ರ್ಯಾಪ್ ನೋಟಿಂದ ಮಾತ್ರ. ಅಂದ್ರೆ ಕಸದ ಬುಟ್ಟಿಗೆ ಬಿದ್ದಿದ್ದಷ್ಟೇ ನಮ್ಮ ಲೆಕ್ಕದಲ್ಲಿ ತಪ್ಪು, ಸರಿಮಾಡಿ ಮುಂದೆ ಕಳಿಸಿದ್ದು ಯಾವುದೂ ತಪ್ಪಲ್ಲ.

ಟಚ್‌ಅಪ್ ಎಲ್ಲಿ ಅಡಗಿತ್ತು ಅಂತ ಹುಡುಕಿದ್ರೆ ರೂಟಿಂಗ್ ಶೀಟಲ್ಲಿ. "ಲೆಡ್ ಕಟಿಂಗ್, ಟಚ್‌ಅಪ್, ಕ್ಲೀನಿಂಗ್" ಅಂತ ಒಂದೇ ಆಪರೇಷನ್ನು, ಬೋರ್ಡಿಗೆ ಎರಡೂವರೆ ನಿಮಿಷ. ಯಾರೋ ಯಾವಾಗ್ಲೋ ಅದನ್ನ ಮಾಮೂಲಿ ಕೆಲಸ ಅಂತ ಬರೆದಿಟ್ಟಿದ್ದಾರೆ, ಹಾಗಾಗಿ ಅದರ ಕೂಲಿ ಉತ್ಪಾದನೆ ಖರ್ಚಲ್ಲಿ ಕರಗಿಹೋಗಿದೆ. ನಾನು ಟಚ್‌ಅಪ್ ಟೇಬಲ್‌ನ ಹಿರಿಯ ಅಕ್ಕನ್ನ ಕೇಳ್ದೆ, ಅಕ್ಕ ದಿನಕ್ಕೆ ಎಷ್ಟು ಬೋರ್ಡಲ್ಲಿ ತಪ್ಪಿರುತ್ತೆ? ಅವರು ಕೈ ನಿಲ್ಲಿಸದೇ ಹೇಳಿದ್ರು, "ಸಾರ್, ತಪ್ಪೇನಿಲ್ಲ, ಇದು ನಮ್ ಕೆಲ್ಸ. ಎಲ್ಲಾ ಬೋರ್ಡಲ್ಲೂ ಗ್ರೌಂಡ್ ಪಿನ್ ತುಂಬಿರಲ್ಲ, ನಾವು ತುಂಬ್ತೀವಿ."

ಎಲ್ಲಾ ಬೋರ್ಡಲ್ಲೂ! ನೂರಕ್ಕೆ ಹತ್ತು ಬೋರ್ಡ್ ಕೆಟ್ಟಿದ್ರೆ ಗಲಾಟೆ ಆಗ್ತಿತ್ತು, ನೂರಕ್ಕೆ ನೂರೂ ಕೆಟ್ಟಿದ್ದಕ್ಕೆ ಅದು ಪ್ರಾಸೆಸ್ ಆಗಿಬಿಟ್ಟಿದೆ. ಇಲ್ಲಿ ನಾನು ಇಟ್ಕೊಂಡಿರೋ ಪರೀಕ್ಷೆ ಒಂದೇ: ಮೊದಲ ಸಲಾನೇ ಸರಿಯಾಗಿ ಬಂದಿದ್ರೆ ಈ ಖರ್ಚು ಇರ್ತಿತ್ತಾ? ಲೆಡ್ ಕಟಿಂಗ್ ಇರ್ತಿತ್ತು, ಸೋ ಅದು ಉತ್ಪಾದನೆ. ಗ್ರೌಂಡ್ ಪಿನ್ ತುಂಬೋದು ಇರ್ತಿರ್ಲಿಲ್ಲ, ಅದು ಫೇಲ್ಯೂರ್. ಕಷ್ಟ ಏನಂದ್ರೆ ಎರಡೂ ಒಂದೇ ಕೂತಲ್ಲಿ ಒಂದೇ ಕೈಯಲ್ಲಿ ನಡೆಯೋ ಕೆಲಸ, ಬಿಡಿಸೋದು ಹೇಗೆ. ಮೂರು ದಿನ ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತೆ, 60 ಬೋರ್ಡಿಗೆ ಸ್ಟಾಪ್‌ವಾಚ್ ಹಿಡಿದೆ, ಐರನ್ ಗ್ರೌಂಡ್ ಪಿನ್ ಮೇಲೆ ಇದ್ದಷ್ಟು ಹೊತ್ತು ಮಾತ್ರ ಎಣಿಸಿದೆ. ಆರು ಪಿನ್ನಿಗೆ ಸರಾಸರಿ 90 ಸೆಕೆಂಡ್. ತಿಂಗಳಿಗೆ ಸರಿಯಾಗಿ 100 ಗಂಟೆ. ಪಿಎಫ್, ಇಎಸ್‌ಐ ಎಲ್ಲಾ ಸೇರಿ ಗಂಟೆಗೆ 150 ರೂಪಾಯಿ ಹಿಡಿದ್ರೆ 15,000, ಜೊತೆಗೆ ಬಿಟ್ಟು, ಫ್ಲಕ್ಸ್ ಪೆನ್ನು, ಡೀಸೋಲ್ಡರ್ ವಿಕ್ ಅಂತ ಇನ್ನೊಂದು 2,500.

ಎರಡನೇ ಅಡಗುತಾಣ ಟೆಸ್ಟ್ ಜಿಗ್. ಟೆಸ್ಟ್ ಅಂದ್ರೆ ಅಪ್ರೈಸಲ್ ಅಂತ ಕಣ್ಣುಮುಚ್ಚಿ ಎಲ್ಲಾನೂ ಅಲ್ಲಿ ಹಾಕಿದ್ದೆ, ಅದು ತಪ್ಪು. ಮೊದಲ ಟೆಸ್ಟ್ ಅಪ್ರೈಸಲ್, ರಿವರ್ಕ್ ಆಗಿ ವಾಪಸ್ ಬಂದ ಬೋರ್ಡಿನ ಟೆಸ್ಟ್ ಫೇಲ್ಯೂರ್ ಖಾನೆಗೆ ಸೇರಬೇಕು. ಜಿಗ್‌ನ ಲಾಗ್ ಫೈಲಲ್ಲಿ ಸೀರಿಯಲ್ ನಂಬರ್ ಎ ಕಾಲಂನಲ್ಲಿದೆ, ಪಕ್ಕದಲ್ಲಿ ಹೀಗೆ ಹಾಕಿ ಕೆಳಗೆ ಎಳೆದೆ:

```
=COUNTIF(A$2:A2,A2)
```

ಒಂದು ಬಂದ್ರೆ ಮೊದಲ ಟೆಸ್ಟ್, ಎರಡು ಅಥವಾ ಮೇಲೆ ಬಂದ್ರೆ ಮರುಟೆಸ್ಟ್. 4000 ಬೋರ್ಡಿಗೆ 4760 ಟೆಸ್ಟ್ ಆಗಿದೆ! ಅಬ್ಬಾ ಅಂತ 760ನ್ನೂ ಫೇಲ್ಯೂರ್‌ಗೆ ಎತ್ತಿ ಹಾಕ್ದೆ, ಆಮೇಲೆ ಟೈಮ್ ಕಾಲಂ ನೋಡಿದ್ರೆ ಅದರಲ್ಲಿ 410 ಟೆಸ್ಟ್ ಫೇಲ್ ಆದ ತಕ್ಷಣ, ಎರಡು ನಿಮಿಷದೊಳಗೆ ಆಗಿರೋದು. ಎರಡು ನಿಮಿಷದಲ್ಲಿ ಯಾರೂ ರಿವರ್ಕ್ ಮಾಡಿ ತರಲ್ಲ, ಬೋರ್ಡನ್ನ ಎತ್ತಿ ಮತ್ತೆ ಕೂರಿಸಿದ್ದಾರೆ ಅಷ್ಟೇ. ಬೋರ್ಡನ್ನ ಮುಟ್ಟೋ ಜಿಗ್‌ನ ಸ್ಪ್ರಿಂಗ್ ಪಿನ್, ಅಂದ್ರೆ ಪೋಗೋ ಪಿನ್, ಸವೆದು ಕಾಂಟ್ಯಾಕ್ಟ್ ಆಗ್ತಿಲ್ಲ. ಅದು ಬೋರ್ಡಿನ ತಪ್ಪಲ್ಲ, ನಮ್ಮ ಟೆಸ್ಟ್ ಸಾಮಾನಿನ ತಪ್ಪು, ಅದಕ್ಕೆ ಅಪ್ರೈಸಲ್‌ನಲ್ಲೇ ಬಿಟ್ಟೆ. ಉಳಿದ 350ಕ್ಕೆ ಮೂರು ಮೂರು ನಿಮಿಷ ಹಿಡಿದು 2,625 ರೂಪಾಯಿ ಮಾತ್ರ ಫೇಲ್ಯೂರ್‌ಗೆ ಹೋಯ್ತು.

(ಇದನ್ನ ನೋಡ್ತಾ ಇದ್ದ ಹಾಗೇ ಮುಂದಿನ ಪ್ರಾಜೆಕ್ಟ್ ತಲೆಗೆ ಬಂತು. ಜಿಗ್ ಹಿಡಿಗೆ ಒಂದು ಸಣ್ಣ ಲಿಮಿಟ್ ಸ್ವಿಚ್, ಒಂದು ಮೈಕ್ರೋಕಂಟ್ರೋಲರ್, ಪ್ರತಿ ಸಲ ಒತ್ತಿದಾಗ ಎಣಿಸಬೇಕು, ಎಷ್ಟು ಒತ್ತಿಗೆ ಈ ಕೂತು ಏಳೋದು ಜಾಸ್ತಿ ಆಗುತ್ತೆ ಅಂತ ಗೊತ್ತಾದ್ರೆ ಅದಕ್ಕಿಂತ ಮುಂಚೆನೇ ಪಿನ್ ಬದಲಾಯಿಸ್ಬಹುದು. ಓಎಲ್‌ಇಡಿ ಡಿಸ್ಪ್ಲೇ ಮನೇಲಿ ಬಿದ್ದಿದೆ. ಈಗ ಬೇಡ, ಕೈ ತಡೀಬೇಕು.)

ಈಗ ಶೀಟ್ ನೋಡಿ: ಒಳಗಿನ ಫೇಲ್ಯೂರ್ 19,000 ಇದ್ದದ್ದು 39,125. ಅಪ್ರೈಸಲ್ 79,375. ಒಟ್ಟು 1,27,600ರಿಂದ 1,45,100. ಲೈನಲ್ಲಿ ಏನೂ ಬದಲಾಗಿಲ್ಲ, ಒಂದು ರೂಪಾಯಿನೂ ಜಾಸ್ತಿ ಖರ್ಚಾಗಿಲ್ಲ, ಅಡಗಿದ್ದು ಹೊರಗೆ ಬಂತು ಅಷ್ಟೇ. ಓನರ್ ಆಮೇಲೆ ಟೆಸ್ಟಿಂಗ್ ಹುಡುಗನ್ನ ತೆಗೆಯೋ ಮಾತೆತ್ತಲಿಲ್ಲ.

ಗ್ರೌಂಡ್ ಪಿನ್ ಯಾಕೆ ತುಂಬಲ್ಲ ಅನ್ನೋದು ನಿಮಗೆಲ್ಲಾ ಗೊತ್ತಿರೋದೇ. ಪ್ಯಾಡ್ ನೇರವಾಗಿ ಗ್ರೌಂಡ್ ಪ್ಲೇನಿಗೆ ಅಂಟಿಕೊಂಡಿದೆ, ಮಧ್ಯೆ ಥರ್ಮಲ್ ರಿಲೀಫ್ ಕಡ್ಡಿಗಳಿಲ್ಲ, ವೇವ್ ಮೇಲೆ ಹೋಗೋ ಮೂರು ಸೆಕೆಂಡಲ್ಲಿ ಶಾಖ ಎಲ್ಲಾ ತಾಮ್ರ ಹೀರಿಕೊಳ್ಳುತ್ತೆ, ಸೋಲ್ಡರ್ ತೂತಿನ ಅರ್ಧಕ್ಕೇ ಗಟ್ಟಿಯಾಗುತ್ತೆ, ಡ್ರಾಯಿಂಗಲ್ಲಿ ಬೇಕಿರೋದು 75%. ಡಿಸೈನ್ ಕಸ್ಟಮರ್‌ದು, ಸೋ ಮೊದಲು ನಮ್ಮ ಕೈಯಲ್ಲಿರೋದನ್ನ ತಿರುಗಿಸಿ ನೋಡೋಣ ಅಂತ ಥರ್ಮೋಕಪಲ್ ಅಂಟಿಸಿ ಪ್ರೀಹೀಟಲ್ಲಿ ಬೋರ್ಡಿನ ಮೇಲ್ಭಾಗನ 95 ಡಿಗ್ರಿಯಿಂದ 115ಕ್ಕೆ ತಂದೆ, ಕನ್ವೇಯರ್ ನಿಧಾನ ಮಾಡ್ದೆ. ಗ್ರೌಂಡ್ ಪಿನ್ ಚೆನ್ನಾಗಿ ತುಂಬಿದ್ವು, ಖುಷಿಯಿಂದ ಬೋರ್ಡ್ ತಿರುಗಿಸಿದ್ರೆ ಕನೆಕ್ಟರ್ ಪಿನ್‌ಗಳ ಮಧ್ಯೆ ಸಾಲಾಗಿ ಶಾರ್ಟ್! ಅಷ್ಟು ಹೊತ್ತು ಕಾದಿದ್ದಕ್ಕೆ ಫ್ಲಕ್ಸ್ ಶಕ್ತಿ ವೇವ್ ಮುಟ್ಟೋ ಮುಂಚೆನೇ ಮುಗಿದುಹೋಗಿದೆ. ಟಚ್‌ಅಪ್ ಸಮಯ ಕಮ್ಮಿ ಆಗಲಿಲ್ಲ, ಜಾಗ ಬದಲಾಯ್ತು. ಅರ್ಧ ದಿನ, 30 ಬೋರ್ಡು. ಆ ಟ್ರಯಲ್ ಖರ್ಚನ್ನ ನಾನು ಪ್ರಿವೆನ್ಷನ್‌ಗೆ ಹಾಕಿದೀನಿ, ಟ್ರಯಲ್ ವಿಫಲ ಆದ್ರೂ ಅದು ತಪ್ಪು ತಡೆಯೋಕೇ ಮಾಡಿದ ಖರ್ಚು.

ಕೊನೆಗೆ ಆ 39,125ರ ಶೀಟನ್ನೇ ಕಸ್ಟಮರ್‌ಗೆ ಕಳಿಸಿದ್ವಿ. ಒಂದು ವರ್ಷದಿಂದ "ದಯವಿಟ್ಟು ಪ್ಯಾಡ್ ಬದಲಾಯಿಸಿ" ಅಂತ ಮೇಲ್ ಹಾಕಿದ್ದಕ್ಕೆ ಬರದ ಉತ್ತರ ಎರಡು ದಿನದಲ್ಲಿ ಬಂತು. ಆರರಲ್ಲಿ ಐದು ಪಿನ್ನಿಗೆ ಕಡ್ಡಿ ಹಾಕೋಕೆ ಒಪ್ಪಿದ್ರು, ಆರನೇದು ಎಂಒವಿಯ ಅರ್ತ್ ಪಿನ್, ಸಿಡಿಲು ಬಂದಾಗ ಸರ್ಜ್ ಕರೆಂಟ್ ಪೂರ್ತಿ ಅಲ್ಲೇ ಹೋಗಬೇಕು, ಅದಕ್ಕೆ ಬೇಡ ಅಂದ್ರು. ನ್ಯಾಯವಾದ ಮಾತು, ಅದನ್ನ ಕೈಯಲ್ಲೇ ತುಂಬ್ತೀವಿ. ಲೇಔಟ್ ಬದಲಾವಣೆ ಮತ್ತೆ ಪಿಸಿಬಿಯವರ ಟೂಲಿಂಗ್ ಸೇರಿ 11,500 ಪ್ರಿವೆನ್ಷನ್ ಖಾನೆಗೆ ಬಿತ್ತು.

ನಿನ್ನೆ ಹೊಸ ರಿವಿಷನ್‌ನ 200 ಬೋರ್ಡ್ ವೇವ್ ಹೊಡೆದ್ವಿ, ಹಳೇ ಸೆಟ್ಟಿಂಗಲ್ಲೇ. ಸ್ಟಾಪ್‌ವಾಚ್ ಹಿಡಿದು ಮತ್ತೆ ಅದೇ ಸ್ಟೂಲಲ್ಲಿ ಕೂತೆ. 90 ಸೆಕೆಂಡ್ ಇದ್ದದ್ದು 20! ಅಕ್ಕ ಬೋರ್ಡ್ ತಿರುಗಿಸಿ ತಿರುಗಿಸಿ ನೋಡಿ "ಏನ್ಸಾರ್, ಇವತ್ತು ಕೆಲ್ಸನೇ ಇಲ್ಲ" ಅಂದ್ರು. ಬೋರ್ಡಿಗೆ 70 ಸೆಕೆಂಡ್ ಅಂದ್ರೆ ತಿಂಗಳಿಗೆ ಸುಮಾರು 78 ಗಂಟೆ, ಹತ್ತತ್ರ 11,700 ರೂಪಾಯಿ. ಹಾಕಿದ 11,500 ಒಂದೇ ತಿಂಗಳಲ್ಲಿ ವಾಪಸ್. ಆದ್ರೆ ಒಂದು ಎಚ್ಚರಿಕೆ, ಈ ಶೀಟ್ ಮಾಡೋರು ಇದನ್ನ ಮರೀಬೇಡಿ: ಆ ಮೂವರಿಗೆ ತಿಂಗಳ ಸಂಬಳ, 78 ಗಂಟೆ ಉಳಿದ್ರೆ ಬ್ಯಾಂಕಿಗೆ ದುಡ್ಡು ಬರಲ್ಲ. ನಮ್ಮಲ್ಲಿ ತಿಂಗಳಿಗೆ 60 ಗಂಟೆ ಓಟಿ ನಡೀತಿತ್ತು, ಡಬಲ್ ಕೂಲಿ, ಮೊದಲು ಅದು ನಿಲ್ಲುತ್ತೆ, ಅಷ್ಟು ನಿಜವಾದ ಉಳಿತಾಯ. ಮಿಕ್ಕ ಗಂಟೆಗೆ ಅಕ್ಕನ್ನ ಟೆಸ್ಟ್ ಜಿಗ್ ಕಲಿಯೋಕೆ ಕಳಿಸ್ತಾ ಇದೀವಿ.

ಹೊರಗಿನ ಫೇಲ್ಯೂರ್ ಕಮ್ಮಿ ಆಯ್ತಾ ಅಂತ ಈಗ್ಲೇ ಕೇಳ್ಬೇಡಿ. ಇವತ್ತು ವಾಪಸ್ ಬರ್ತಿರೋ ಬೋರ್ಡು ಹಳೇ ಲಾಟ್‌ದು, ಅದೂ ಅಲ್ದೆ ಮಳೆಗಾಲದಲ್ಲಿ ರೈತರು ಪಂಪ್ ಹಾಕೋದೇ ಕಮ್ಮಿ, ಬೇಸಿಗೆಯಲ್ಲಿ ಬೋರ್‌ವೆಲ್ ಹಗಲು ರಾತ್ರಿ ಓಡುವಾಗ್ಲೇ ಅರ್ಧ ತುಂಬಿದ ಜಾಯಿಂಟ್ ಬಿರುಕು ಬಿಡೋದು. ಅದಕ್ಕೆ ವಾಪಸ್ ಬಂದ ಬೋರ್ಡಿನ ಖರ್ಚನ್ನ ಬಂದ ತಿಂಗಳಿಗೆ ಹಾಕೋದ್ರ ಜೊತೆಗೆ, ಸೀರಿಯಲ್ ನೋಡಿ ತಯಾರಾದ ತಿಂಗಳಿಗೂ ಇನ್ನೊಂದು ಕಾಲಂನಲ್ಲಿ ಬರೀತಾ ಇದೀನಿ. ಏಪ್ರಿಲ್ ದಾಟಲಿ, ಆಮೇಲೆ ಹೇಳ್ತೀನಿ.

ಇಷ್ಟು ಸಂತೋಷದ ಮಧ್ಯೆ ಪಿಸಿಬಿ ಸಪ್ಲೈಯರ್ ಮಹಾಶಯರು ಕೊಟ್ಟ ತಲೆನೋವು ಕೇಳಿ. 2000 ಬೋರ್ಡ್ ಬಂತು, ಒಂದೇ ಪ್ಯಾಕಿಂಗಲ್ಲಿ ಹಳೇ ರಿವಿಷನ್ನೂ ಹೊಸದೂ ಮಿಕ್ಸ್! ಲೇಬಲ್ ಮೇಲೆ ಮಾತ್ರ ಎಲ್ಲಾ ಹೊಸದು. ಫೋನ್ ಮಾಡಿದ್ರೆ "ಮುಂದಿನ ಲಾಟಲ್ಲಿ ಅಡ್ಜಸ್ಟ್ ಮಾಡ್ಕೊಡ್ತೀವಿ ಸಾರ್" ಅಂತೆ. ಇಬ್ಬರು ಒಂದು ಪೂರ್ತಿ ದಿನ ಕೂತು ಬೇರೆ ಮಾಡಿದ್ರು. ಇನ್‌ಕಮಿಂಗ್‌ನವರು ಆ ದಿನದ ಕೂಲಿನ ಇನ್‌ಸ್ಪೆಕ್ಷನ್ ಅಂತ ಅಪ್ರೈಸಲ್‌ಗೆ ಬರೆದಿದ್ರು, ನಾನು ಹೊಡೆದುಹಾಕಿ ಫೇಲ್ಯೂರ್‌ಗೆ ತಂದೆ. ಸ್ಯಾಂಪಲ್ ನೋಡೋದು ಅಪ್ರೈಸಲ್, ಕೆಟ್ಟ ಲಾಟ್ ಅಂತ ಗೊತ್ತಾದ ಮೇಲೆ ಕಾಳು ಜೊಳ್ಳು ಬೇರೆ ಮಾಡೋದು ಅಲ್ಲ. ಡೆಬಿಟ್ ನೋಟ್ ಸೋಮವಾರ ಹೋಗುತ್ತೆ, ಆ 640 ಹಳೇ ಬೋರ್ಡು ಸದ್ಯಕ್ಕೆ ಕೆಂಪು ಕ್ರೇಟಲ್ಲಿ ಬೀಗ ಹಾಕಿ ಇಟ್ಟಿದೀನಿ.