ಒಳಗೆ ಬರೀ ಆಟವಾ?

“ಮೇಡಂ, ಮೂರು ಸಲ ಬಂದಾಯ್ತು. ಒಳಗೆ ಬರೀ ಆಟ ಆಡಿಸ್ತೀರಂತೆ. ಆಟ ಮನೆಯಲ್ಲೇ ಆಡ್ತಾನಲ್ಲ, ಥೆರಪಿ ಶುರುವಾಗುವುದು ಯಾವಾಗ?”

ನಾನು ಮಕ್ಕಳ ಮನಸ್ಸಿನ ತೊಂದರೆಗಳನ್ನು ನೋಡುವ ಥೆರಪಿಸ್ಟ್. ಉಡುಪಿಯ ನನ್ನ ಕೋಣೆಗೆ ಬರುವ ಪೋಷಕರಿಗೆ ಮೊದಲ ದಿನವೇ ಒಂದು ಪುಟದ ಮಾಹಿತಿ ಹಾಳೆ ಕೊಡುತ್ತೇನೆ. ಹೆಚ್ಚಿನವರು ಅದನ್ನು ಮಡಚಿ ಪರ್ಸಿಗೆ ಹಾಕಿಕೊಳ್ಳುತ್ತಾರೆ. ಹಾಗಾಗಿ ಅದರಲ್ಲಿರುವುದನ್ನೇ ಒಂದು ಮಗುವಿನ ಕಥೆಯ ಜೊತೆ ಇಲ್ಲಿ ಬಿಡಿಸಿ ಬರೆಯುತ್ತೇನೆ. ಗುರುತು ಸಿಗಬಾರದೆಂದು ವಿವರ ಬದಲಿಸಿದ್ದೇನೆ.

ಹುಡುಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಬೆಳಗ್ಗೆ ಶಾಲೆಯ ವ್ಯಾನ್ ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದಿದ್ದರು. (ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಇಳಿಯುವ ತೂಕ, ಮತ್ತೆ ಮತ್ತೆ ವಾಂತಿ ಇದ್ದರೆ ನಾನೇ ವಾಪಸ್ ಅವರ ಬಳಿಗೆ ಕಳಿಸುತ್ತೇನೆ.)

ಮೊದಲ ಸಲ ಮಗು ಬೇಡ, ದೊಡ್ಡವರು ಮಾತ್ರ ಬನ್ನಿ ಅನ್ನುತ್ತೇನೆ. ಮಗುವಿನ ಎದುರು ಅವನ ದೂರುಪಟ್ಟಿ ಓದುವುದು ಬೇಡ. ಅಮ್ಮ ಬಂದರು, ದುಬೈಯಲ್ಲಿದ್ದ ಅಪ್ಪ ವಿಡಿಯೋ ಕಾಲಿನಲ್ಲಿ ಸೇರಿಕೊಂಡರು. ನಿದ್ದೆ, ಊಟ, ಶಾಲೆ, ಯಾವಾಗ ಶುರುವಾಯಿತು ಎಂದೆಲ್ಲ ಕೇಳಿದೆ. ಆಗ ಅಮ್ಮ, ಏನೋ ತಮಾಷೆ ಹೇಳುವ ಹಾಗೆ, “ಮಳೆ ರಜೆ ಅಂತ ಗೊತ್ತಾದ ದಿನ ನೋವೇ ಇಲ್ಲ ಮೇಡಂ, ನಾಟಕ” ಅಂದರು. ನಾಟಕವಲ್ಲ. ಆತಂಕಕ್ಕೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಆತಂಕಕ್ಕೆ ಕಾರಣವಿಲ್ಲದ ದಿನ ನೋಯುವುದಿಲ್ಲ.

ಎರಡನೇ ಸಲ ಹುಡುಗ ಬಂದ. ಐಸ್‌ಕ್ರೀಮ್ ತಿನ್ನಲು ಹೋಗುವ ಅಂತ ಸುಳ್ಳು ಹೇಳಿ ಕರೆತಂದರೆ, ಮಗುವಿಗೆ ನಾನೂ ಆ ಸುಳ್ಳಿನ ಪಾಲುದಾರಳೇ. “ನಿನಗೆ ಬೆಳಗ್ಗೆ ಹೊಟ್ಟೆ ನೋಯ್ತದಲ್ಲ, ಅದಕ್ಕೆ ಸಹಾಯ ಮಾಡುವವರು ಇದ್ದಾರೆ. ಸೂಜಿ ಇಲ್ಲ, ಆಟದ ಸಾಮಾನು ಉಂಟು” ಎಂದು ಹಿಂದಿನ ದಿನವೇ ಹೇಳಿದರೆ ಸಾಕು. ಅಮ್ಮ ಹಾಗೇ ಹೇಳಿದ್ದರು. ಆದರೂ ಅವನು ಸೆರಗು ಬಿಡಲಿಲ್ಲ. ಬಾಗಿಲು ತೆರೆದಿಟ್ಟು, ಅಮ್ಮ ಕಾಣುವ ಹಾಗೆ ಕೂತೆವು. ಅದೂ ನನಗೆ ಬೇಕಾದ ಮಾಹಿತಿಯೇ.

ಆಟದಲ್ಲಿ ನಾನು ನೋಡುವುದು ಇಂಥದ್ದನ್ನೇ. ಏಳು ವರ್ಷದವನಿಗೆ ‘ಯಾಕೆ ಹೆದರಿಕೆ’ ಎಂದು ಕೇಳಿದರೆ ‘ಗೊತ್ತಿಲ್ಲ’ ಅನ್ನುತ್ತಾನೆ, ಅದು ಸತ್ಯವೂ ಹೌದು. ಗೊಂಬೆಮನೆಯಲ್ಲಿ ಅವನು ಮಕ್ಕಳ ಗೊಂಬೆಗಳನ್ನೆಲ್ಲ ಶಾಲೆಗೆ ಕಳಿಸಿ, ಮನೆ ಮುಂದೆ ಆಂಬುಲೆನ್ಸ್ ತಂದು ನಿಲ್ಲಿಸಿದ. ಒಂದು ಸಲ ಆದರೆ ನಾನು ಅರ್ಥ ಹಚ್ಚಲು ಹೋಗುವುದಿಲ್ಲ; ಮಕ್ಕಳಿಗೆ ಸೈರನ್ ಇಷ್ಟ. ಮೂರನೇ ಸಲ ಬಂದಾಗಲೂ ಅದೇ ಆಟ, ಅದೇ ಕ್ರಮ. ಅಮ್ಮನಲ್ಲಿ ವಿಚಾರಿಸಿದೆ. ಅವನು ಶಾಲೆಯಲ್ಲಿದ್ದಾಗ ಅಜ್ಜನಿಗೆ ಎದೆನೋವಾಗಿ ಆಂಬುಲೆನ್ಸಿನಲ್ಲಿ ಒಯ್ದಿದ್ದರಂತೆ. ವ್ಯಾನಿನಿಂದ ಇಳಿದಾಗ ಮನೆಗೆ ಬೀಗ. ಅಜ್ಜ ಹುಷಾರಾಗಿ ಬಂದದ್ದರಿಂದ ಯಾರಿಗೂ ಅದು ಹೇಳಬೇಕಾದ ಸಂಗತಿ ಅನ್ನಿಸಿರಲಿಲ್ಲ. ನೋವು ಶುರುವಾದದ್ದು ಅದರ ಮುಂದಿನ ವಾರ. ಅವನಿಗೆ ಹೆದರಿಕೆ ಶಾಲೆಯದ್ದಲ್ಲ, ತಾನಿಲ್ಲದಾಗ ಮನೆಯಲ್ಲಿ ಏನಾಗುತ್ತದೋ ಎಂಬುದರದ್ದು.

ಮನೆಗೆ ಹೋಗುವ ದಾರಿಯಲ್ಲಿ ‘ಏನು ಕೇಳಿದ್ರು, ನೀನೇನು ಹೇಳಿದೆ’ ಎಂದು ವಿಚಾರಣೆ ಮಾಡಬೇಡಿ ಮಾರಾಯ್ರೆ. ಮಗು ಮುಂದಿನ ಸಲ ಅಳೆದು ತೂಗಿ ಮಾತಾಡುತ್ತದೆ. ಅವನು ಆಡಿದ ಪ್ರತಿ ಮಾತನ್ನೂ ನಾನು ನಿಮಗೆ ವರದಿ ಮಾಡುವುದಿಲ್ಲ, ವಿಷಯದ ಸಾರ ಹೇಳುತ್ತೇನೆ, ಅದನ್ನೂ ಅವನಿಗೆ ತಿಳಿಸಿಯೇ. ಆದರೆ ಮಗುವಿನ ಜೀವಕ್ಕೆ ಅಪಾಯವಿದ್ದರೆ ಗುಟ್ಟು ಇಟ್ಟುಕೊಳ್ಳುವುದಿಲ್ಲ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯಂತೆ ನಾನು ಪೊಲೀಸರಿಗೆ ತಿಳಿಸಲೇಬೇಕು. ಈ ಮಿತಿಯನ್ನು ಮಗುವಿಗೂ ಅದರ ಭಾಷೆಯಲ್ಲಿ ಮೊದಲೇ ಹೇಳಿರುತ್ತೇನೆ.

ನಾಲ್ಕನೇ ಸಲ ನಿಮ್ಮೊಂದಿಗೆ ಕೂತು ನನಗೇನು ಅನ್ನಿಸಿದೆ, ಏನು ಮಾಡುವ, ಸುಧಾರಣೆ ಅಂತ ಯಾವುದನ್ನು ಕರೆಯುವ ಎಂದು ಮಾತಾಡುತ್ತೇನೆ. ಅಷ್ಟರಲ್ಲಿ ನಿಮ್ಮ ಥೆರಪಿಸ್ಟ್ ಇದನ್ನು ಮಾಡದಿದ್ದರೆ ಧಾರಾಳವಾಗಿ ಕೇಳಿ, ಅದು ನಿಮ್ಮ ಹಕ್ಕು. ಈ ಹುಡುಗನ ಮಟ್ಟಿಗೆ ಲೆಕ್ಕ ಸರಳ: ವಾರದಲ್ಲಿ ಎಷ್ಟು ದಿನ ಪೂರ್ತಿ ಶಾಲೆಯಲ್ಲಿದ್ದ. ಆ ವಾರ ಎರಡು ದಿನ ಇತ್ತು. ಅಜ್ಜನಿಗೆ ಏನಾಗಿತ್ತೆಂದು ಅಜ್ಜನೇ ಅವನಿಗೆ ಹೇಳುವುದು, ಮನೆಗೆ ಬೀಗ ಬಿದ್ದರೆ ಪಕ್ಕದ ಮನೆಗೆ ಹೋಗಬೇಕೆಂದು ಅವನಿಗೆ ತೋರಿಸಿಕೊಡುವುದು, ನೋವು ಅಂದರೂ ವ್ಯಾನ್ ಹತ್ತಿಸುವುದು ಎಂದು ನಿಶ್ಚಯಿಸಿದೆವು. ಮನೆಯಲ್ಲೇ ಉಳಿಸಿಕೊಂಡ ಒಂದೊಂದು ದಿನವೂ ‘ನಾನಿದ್ದದ್ದಕ್ಕೇ ಏನೂ ಆಗಲಿಲ್ಲ’ ಎಂಬ ಅವನ ಲೆಕ್ಕವನ್ನು ಗಟ್ಟಿ ಮಾಡುತ್ತಿತ್ತು.

ಮೊದಲ ವಾರ ಅಳು ಹೆಚ್ಚಾಗಬಹುದು ಎಂದು ಮೊದಲೇ ಎಚ್ಚರಿಸಿದ್ದೆ. ಹೆಚ್ಚಾಯಿತು ಕೂಡ. ಬುಧವಾರ ಅಜ್ಜಿ ಫೋನ್ ಮಾಡಿ, “ಇವತ್ತೊಂದು ದಿನ ಇರ್ಲಿ ಅಲ್ವಾ?” ಅಂದರು. ಹಿಂದೆ ವ್ಯಾನಿನ ಹಾರನ್ ಕೇಳುತ್ತಿತ್ತು. “ಬೇಡ ಅಮ್ಮ, ಹತ್ತಿಸಿ” ಅಂದೆ.